ಒಂದೇ ರೋಗ, ನನಗೆ ಒಂದು ಸೂಜಿ, ಹೆಂಡತಿಗೆ ಮೂರು. ಟೈಟರ್ ಮಾತ್ರ ಇಬ್ಬರದ್ದೂ ಅರ್ಧಕ್ಕೇ ನಿಂತಿದೆ

ಮಗ್ಗದಮನೆ
ಎಲ್ಲರಿಗೂ ನಮಸ್ಕಾರ. ಹೆಸರು ಬೇಡ. ರಬಕವಿ-ಬನಹಟ್ಟಿ ಕಡೆಯವನು, ನೂಲಿನ ಲೋಡು ಹೊಡೆಯುತ್ತೇನೆ. ವಾರದಲ್ಲಿ ಮೂರು ರಾತ್ರಿ ಮನೆಯ ಹೊರಗೇ.

ಮೂರು ತಿಂಗಳ ಹಿಂದೆ ಹೆಂಡತಿ ಗರ್ಭಿಣಿ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಆಗ ಅವಳಿಗೆ ನಾಲ್ಕು ತಿಂಗಳು ತುಂಬುತ್ತಿತ್ತು. ಸಿಫಿಲಿಸ್ ಬಂತು. ಆರ್‌ಪಿಆರ್ ಅನ್ನೋ ರಕ್ತ ಪರೀಕ್ಷೆಯಲ್ಲಿ ಟೈಟರ್, ಅಂದರೆ ಅದರ ಅಳತೆ, 1:16. ಟಿಪಿಎಚ್‌ಎ ಅನ್ನೋ ಇನ್ನೊಂದು ಪರೀಕ್ಷೆ ಪಾಸಿಟಿವ್. ಅವಳ ಮೈಮೇಲೆ ಒಂದು ಗುಳ್ಳೆಯೂ ಇಲ್ಲ, ಹಿಂದೆ ಆದ ನೆನಪೂ ಇಲ್ಲ. ನನ್ನದನ್ನೂ ನೋಡಿದರು, 1:64. ಎಚ್‌ಐವಿ ಇಬ್ಬರಿಗೂ ಇಲ್ಲ. ನನಗೆ ಅದಕ್ಕೂ ಐದು ತಿಂಗಳ ಮುಂಚೆ ನೋವಿಲ್ಲದ ಒಂದು ಹುಣ್ಣಾಗಿತ್ತು, ತಾನೇ ಮಾಯಿತು. ಆಮೇಲೆ ಮೈಗೆ, ಅಂಗೈಗೆ ಕೆಂಪು ಕಲೆ ಎದ್ದಿದ್ದವು. ಹೀಟ್ ಆಗಿದೆ ಅಂತ ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿಕೊಂಡೆ. ತಪ್ಪು ನನ್ನದೇ, ಅದರ ಬಗ್ಗೆ ಬೈಯುವವರು ಒಂದು ಸಾಲಿನಲ್ಲಿ ಬೈದು ಮುಂದೆ ಹೋಗಿ.

ನನಗೆ ಬೆಂಜಾಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಒಂದೇ ಸಲ ಕೊಟ್ಟು ಮುಗೀತು ಅಂದರು. ಅವಳಿಗೆ ಅದೇ 24 ಲಕ್ಷ, ವಾರಕ್ಕೊಂದರಂತೆ ಮೂರು. ನನ್ನ ಟೈಟರ್ ಜಾಸ್ತಿ, ನನಗೆ ಒಂದು. ಅವಳದ್ದು ಕಡಿಮೆ, ಅವಳಿಗೆ ಮೂರು. ಇದು ಉಲ್ಟಾ ಅಲ್ವಾ?

ಮೊನ್ನೆ ಮತ್ತೆ ನೋಡಿಸಿದರೆ ನನ್ನದು 1:32, ಅವಳದ್ದು 1:8. ಅರ್ಧಕ್ಕೆ ಇಳಿದಿದೆ ಅಷ್ಟೇ. ಅನುಮಾನ ಬಂದು ನನ್ನ ರಕ್ತ ಮಾತ್ರ ಇನ್ನೊಂದು ಲ್ಯಾಬಿಗೂ ಕೊಟ್ಟೆ. ಅಲ್ಲಿ ವಿಡಿಆರ್‌ಎಲ್ ಅನ್ನೋ ಪರೀಕ್ಷೆಯಲ್ಲಿ 1:8 ಅಂತ ಬಂತು. ಯಾವುದನ್ನು ನಂಬಲಿ? ಔಷಧ ಡೂಪ್ಲಿಕೇಟ್ ಇರಬಹುದಾ?

ಕಾಕಾ_ಮುಧೋಳ
ತಮ್ಮಾ, ನಮ್ಮ ಕಾಲದಲ್ಲಿ ಇದಕ್ಕೆ ಗರ್ಮಿ ಅಂತಿದ್ದರು. ಒಂದೇ ಸೂಜಿಗೆ ಹೋಗುವ ರೋಗ ಅಲ್ಲ ಇದು. ನಾನ್‌ರಿಯಾಕ್ಟಿವ್ ಬರೋವರೆಗೂ ಸೂಜಿ ಮಾಡಿಸ್ತಾ ಇರು. ಟಿಪಿಎಚ್‌ಎ ಕೂಡ ನೆಗೆಟಿವ್ ಆಗಬೇಕು. ಅಲ್ಲಿವರೆಗೆ ರೋಗ ಮೈಯಲ್ಲೇ ಇದೆ ಅಂತ ತಿಳ್ಕೋ.

ಲ್ಯಾಬ್_ಮಂಜ
ಕಾಕಾ, ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ಬಹುತೇಕ ಜನರಿಗೆ ಸಾಯೋವರೆಗೂ ಪಾಸಿಟಿವ್. ವಾಸಿಯಾದ ಮೇಲೂ. ಅದನ್ನು ನೆಗೆಟಿವ್ ಮಾಡೋಕೆ ಹೊರಟರೆ ಇವರು ಇಡೀ ಆಯುಷ್ಯ ಸೂಜಿ ಚುಚ್ಚಿಸಿಕೊಳ್ಳಬೇಕು.

ಮಗ್ಗದಮನೆ ಅವರೇ, ನಾನು ವಿಜಯಪುರದಲ್ಲಿ ಲ್ಯಾಬ್ ಟೆಕ್ನಿಶಿಯನ್. ಹನ್ನೊಂದು ವರ್ಷದಿಂದ ಇದೇ ಪರೀಕ್ಷೆಯ ಕಾರ್ಡು ಅಲ್ಲಾಡಿಸ್ತಿದ್ದೇನೆ. ನಿಮ್ಮ ಎರಡು ರಿಪೋರ್ಟ್ ಜಗಳ ಆಡ್ತಿಲ್ಲ. ಅವು ಬೇರೆ ಬೇರೆ ತಕ್ಕಡಿ.

ಟೈಟರ್ ಹೇಗೆ ತೆಗೆಯುತ್ತೇವೆ ಅಂದರೆ, ನಿಮ್ಮ ಸೀರಮ್ಮಿಗೆ ಅಷ್ಟೇ ಸಲೈನ್ ಹಾಕಿ ಅರ್ಧ ಮಾಡ್ತೇವೆ. ಅದನ್ನು ಮತ್ತೆ ಅರ್ಧ, ಮತ್ತೆ ಅರ್ಧ. 1:2, 1:4, 1:8 ಹೀಗೆ. ಪರೀಕ್ಷೆಯ ದ್ರಾವಣ ಬೆರೆಸಿದಾಗ ಕೊನೆಗೆ ಯಾವ ಮೆಟ್ಟಿಲಿನವರೆಗೆ ಗಂಟು ಕಟ್ಟಿದ್ದು ಕಾಣಿಸ್ತದೋ ಅದೇ ನಿಮ್ಮ ಟೈಟರ್. ಆರ್‌ಪಿಆರ್‌ನಲ್ಲಿ ಇದ್ದಿಲಿನ ಕಪ್ಪು ಕಣ ಇರ್ತದೆ, ಬರಿಗಣ್ಣಿಗೆ ಕಾಣಿಸ್ತದೆ. ವಿಡಿಆರ್‌ಎಲ್ ಗಾಜಿನ ಪಟ್ಟಿಯ ಮೇಲೆ, ಮೈಕ್ರೋಸ್ಕೋಪ್ ಕೆಳಗೆ ಓದಬೇಕು. ಒಂದೇ ರಕ್ತದಲ್ಲಿ ಆರ್‌ಪಿಆರ್ ಸಾಮಾನ್ಯವಾಗಿ ಸ್ವಲ್ಪ ಮೇಲೆ ಬರ್ತದೆ. ಅದಕ್ಕೇ ನಿಮ್ಮ 32 ಮತ್ತು 8 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. 1:64 ಆರ್‌ಪಿಆರ್ ಬರೆದ ಲ್ಯಾಬಿನಲ್ಲೇ ಮುಂದಿನದ್ದೂ ಮಾಡಿಸಿ, ಆರ್‌ಪಿಆರೇ ಮಾಡಿಸಿ.

ಇನ್ನೊಂದು ಮಾತು. ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅದೇ ಟ್ಯೂಬನ್ನು ಬೆಳಿಗ್ಗೆ ನಾನು ಓದಿದರೆ 1:32, ಸಂಜೆ ಇನ್ನೊಬ್ಬ ಓದಿದರೆ 1:64 ಆಗಬಹುದು. ಎರಡು ಮೆಟ್ಟಿಲು ಇಳಿದರೆ ಮಾತ್ರ ನಿಜವಾಗಿ ಇಳಿದಿದೆ ಅನ್ನೋದು. ನಿಮ್ಮದು 64ರಿಂದ 16ಕ್ಕೆ ಬರಬೇಕು. ಅವರದ್ದು 16ರಿಂದ 4ಕ್ಕೆ.

ಮಗ್ಗದಮನೆ
ಅಂದರೆ ಈಗ ಇಳಿದಿದೆ ಅಂತಲೂ ಹೇಳಂಗಿಲ್ಲ, ಇಳಿದಿಲ್ಲ ಅಂತಲೂ ಹೇಳಂಗಿಲ್ಲ?

ಲ್ಯಾಬ್_ಮಂಜ
ಹೌದ್ರಿ, ಅಷ್ಟೇ. ಮೂರು ತಿಂಗಳಿಗೆ ತಲೆ ಕೆಡಿಸ್ಕೋಬೇಡಿ.

ಇಂಡಿ_ನಿಂಬೆ
ಒಂದು ನಿಮಿಷ. ಬೆಂಜಾಥಿನ್ ಪೆನಿಸಿಲಿನ್ ಅಂದರೆ ಪೆನಿಡ್ಯೂರ್ ತಾನೇ? ನನ್ನ ತಂಗಿಗೆ 21 ದಿನಕ್ಕೊಮ್ಮೆ 12 ಲಕ್ಷದ್ದು ಮಾಡಿಸ್ತೀವಿ, ಆರು ವರ್ಷ ಆಯ್ತು. ಹೃದಯದ ವಾಲ್ವ್ ತೊಂದರೆ ಅಂತ ಹೇಳಿದ್ದರು. ಈಗ ಇದನ್ನು ಓದಿ ಎದೆ ಧಸಕ್ ಅಂತು. ಅವಳಿಗೂ ಇದೇ ರೋಗವಾ? ಅವಳಿಗೆ ಇನ್ನೂ ಮದುವೆ ಆಗಿಲ್ಲ.

ಸಿಸ್ಟರ್_ಗೋಕಾಕ
ಇಲ್ಲಪ್ಪಾ, ಇಲ್ಲ. ನಿನ್ನ ತಂಗಿಯದ್ದು ರುಮ್ಯಾಟಿಕ್ ಹೃದಯದ ತೊಂದರೆ. ಚಿಕ್ಕಂದಿನಲ್ಲಿ ಗಂಟಲು ನೋವಿನಿಂದ ಶುರುವಾಗ್ತದೆ. ಆ ಗಂಟಲಿನ ಸೋಂಕು ಮತ್ತೆ ಬರಬಾರದು ಅಂತ ಅದೇ ಔಷಧ ಕೊಡ್ತಾರೆ. ಔಷಧ ಒಂದೇ, ರೋಗ ಬೇರೆ. ಸೂಜಿ ಬಿಡಿಸಬೇಡ ಮತ್ತೆ, ಈ ಥ್ರೆಡ್ ಓದಿ!

ಅಂಗಡಿಯಲ್ಲಿ ಪೆನಿಡ್ಯೂರ್ ಕೇಳಿದ ಹುಡುಗಿಯನ್ನು ಕೌಂಟರ್ ಹುಡುಗ ಒಂಥರಾ ನೋಡಿದ್ದನ್ನು ನಾನೇ ಕಂಡಿದ್ದೇನೆ. ಅರ್ಧ ತಿಳಿದವರ ಕಾಟ ಅದು.

ಇಂಡಿ_ನಿಂಬೆ
ಉಳಿಸಿದಿರಿ ಅಕ್ಕಾರ. ಅವ್ವನಿಗೆ ಫೋನ್ ಹಚ್ಚೋಕೆ ಹೊರಟಿದ್ದೆ.

ಚರ್ಮದ_ಡಾಕ್ಟರ್_ಬೆಳಗಾವಿ
ಮೂಲ ಪ್ರಶ್ನೆಗೆ ಬರ್ತೇನೆ. ಒಂದಾ ಮೂರಾ ಅನ್ನೋದನ್ನು ಟೈಟರ್ ತೀರ್ಮಾನಿಸಲ್ಲ. ಸೋಂಕು ಎಷ್ಟು ಹಳೆಯದು ಅನ್ನೋದು ತೀರ್ಮಾನಿಸ್ತದೆ. ಗೆರೆ ಇರೋದು ಒಂದು ವರ್ಷಕ್ಕೆ. ಹುಣ್ಣು ಇರುವಾಗ, ಮೈಮೇಲೆ ಕಲೆ ಎದ್ದಾಗ, ಅಥವಾ ಎಲ್ಲ ಮಾಯವಾಗಿದ್ದರೂ ಅಂಟಿ ಒಂದು ವರ್ಷದೊಳಗೆ ಅಂತ ಖಾತ್ರಿ ಇದ್ದಾಗ, 24 ಲಕ್ಷ ಒಂದೇ ಸಲ ಸಾಕು. ವರ್ಷ ದಾಟಿದ್ದರೆ, ಇಲ್ಲವೇ ಯಾವಾಗ ಅಂಟಿತು ಅಂತ ಗೊತ್ತೇ ಇಲ್ಲದಿದ್ದರೆ, ವಾರಕ್ಕೊಂದರಂತೆ ಮೂರು.

ಯಾಕೆ ಹೀಗೆ? ಪೆನಿಸಿಲಿನ್ ಕೆಲಸ ಮಾಡೋದು ರೋಗಾಣು ಎರಡಾಗಿ ಒಡೆಯುವಾಗ ಮಾತ್ರ. ಈ ರೋಗಾಣು ಒಡೆಯೋದೇ ಬಹಳ ನಿಧಾನ. ಸುಮಾರು ಮೂವತ್ತು ಗಂಟೆಗೆ ಒಮ್ಮೆ. ಹಳೆಯ ಸೋಂಕಿನಲ್ಲಿ ಇನ್ನೂ ಸೋಮಾರಿಯಾಗ್ತದೆ ಅನ್ನೋದು ನಮ್ಮ ನಂಬಿಕೆ. ಹಾಗಾಗಿ ರಕ್ತದಲ್ಲಿ ಔಷಧ ಜೋರಾಗಿ ಇರಬೇಕಿಲ್ಲ, ಬಹಳ ದಿನ ಇರಬೇಕು. ಬೆಂಜಾಥಿನ್ ಮಾಂಸಖಂಡದಲ್ಲಿ ಕೂತು ತೊಟ್ಟು ತೊಟ್ಟಾಗಿ ರಕ್ತಕ್ಕೆ ಇಳೀತದೆ. ಮೂರು ಸಲ ಕೊಟ್ಟರೆ ಆ ತೊಟ್ಟು ಮೂರ್ನಾಲ್ಕು ವಾರ ನಿಲ್ಲದೆ ಸಾಗ್ತದೆ. ಮೂರೇ ಯಾಕೆ, ನಾಲ್ಕು ಯಾಕಲ್ಲ ಅಂತ ಕೇಳಿದರೆ, ದೊಡ್ಡ ಪ್ರಯೋಗ ಮಾಡಿ ಕಂಡುಕೊಂಡ ಲೆಕ್ಕ ಅಲ್ಲ ಅದು. ಅನುಭವದಿಂದ ಬಂದ ರೂಢಿ.

ನಿಮ್ಮ ಹುಣ್ಣಿನ ತಾರೀಖು ನಿಮಗೆ ನೆನಪಿದೆ, ಅದಕ್ಕೆ ಒಂದು. ನಿಮ್ಮ ಪತ್ನಿಗೆ ಅಂಥ ಯಾವ ಗುರುತೂ ಇಲ್ಲ, ಅದಕ್ಕೆ ಮೂರು.

ಹಳೆ_ಕೌನ್ಸೆಲರ್
ಸರ್, ಒಂದು ತಕರಾರು. ನಾನು ಲೈಂಗಿಕ ರೋಗಗಳನ್ನು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದವಳು. ಗಂಡನಿಗೆ ಐದು ತಿಂಗಳ ಸೋಂಕು ಅಂತ ಗೊತ್ತಿದೆ. ಆಕೆಗೆ ಅವನಿಂದಲೇ ಬಂದಿದ್ದರೆ ಆಕೆಯದ್ದೂ ವರ್ಷದೊಳಗಿನದೇ ಆಯ್ತಲ್ಲ? ಹಾಗಾದರೆ ಒಂದೇ ಸಾಕಿತ್ತಲ್ವಾ?

ಚರ್ಮದ_ಡಾಕ್ಟರ್_ಬೆಳಗಾವಿ
ಒಳ್ಳೆ ತಕರಾರು. ಪುಸ್ತಕದ ಪ್ರಕಾರ ನೀವು ಹೇಳಿದ ದಾರಿಯಲ್ಲೂ ಹೋಗಬಹುದು. ಸಂಗಾತಿಗೆ ಹೊಸ ಸೋಂಕು ಖಚಿತವಾಗಿದ್ದರೆ ಈಕೆಯದ್ದನ್ನೂ ಹೊಸದು ಅಂತ ಎಣಿಸಲು ಅದೊಂದು ಆಧಾರ. ಆದರೆ ಹೊಟ್ಟೆಯಲ್ಲಿ ಮಗು ಇದೆ. ಊಹೆ ತಪ್ಪಾದರೆ ದಂಡ ಕಟ್ಟೋದು ಮಗು. ಎರಡು ಸೂಜಿ ಹೆಚ್ಚಾದರೆ ನಷ್ಟ ಏನು, ಒಂದಿಷ್ಟು ನೋವು. ಬಸುರಿಗೆ ಹೊಸ ಸೋಂಕು ಅಂತ ಖಾತ್ರಿ ಇದ್ದರೂ ವಾರ ಬಿಟ್ಟು ಎರಡನೆಯದು ಕೊಡುವ ಡಾಕ್ಟರುಗಳಿದ್ದಾರೆ.

ಮಗ್ಗದಮನೆ, ಒಂದು ಕೇಳ್ತೇನೆ. ಇದು ಮೊದಲನೇ ಬಸಿರಾ? ಮುಂಚಿನ ಮಗು ಇದ್ದರೆ ಆಗಿನ ತಾಯಿ ಕಾರ್ಡ್ ತೆಗೆದು ನೋಡಿ.

ಮಗ್ಗದಮನೆ
ಎರಡನೇದು ಸರ್. ಹಳೆ ತಾಯಿ ಕಾರ್ಡ್ ಟ್ರಂಕಿನಲ್ಲಿ ಸಿಕ್ಕಿತು. ಮೂರು ವರ್ಷದ ಹಿಂದೆ ವಿಡಿಆರ್‌ಎಲ್ ನಾನ್‌ರಿಯಾಕ್ಟಿವ್ ಅಂತ ಬರೆದಿದೆ.

ಚರ್ಮದ_ಡಾಕ್ಟರ್_ಬೆಳಗಾವಿ
ಒಂದು ವರ್ಷದೊಳಗಿನ ನೆಗೆಟಿವ್ ಇದ್ದಿದ್ದರೆ ವಾದವೇ ಮುಗೀತಿತ್ತು. ಮೂರು ವರ್ಷದ್ದು ಸಾಕಾಗಲ್ಲ. ಮೊದಲನೇ ಮಗುವಿನ ಬಸಿರಿನಲ್ಲಿ ಇರಲಿಲ್ಲ ಅಂತ ಸಮಾಧಾನ ಆಗಬಹುದು, ಅಷ್ಟೇ. ಮೂರು ಕೊಟ್ಟಿದ್ದು ಸರಿಯೇ.

ಖಡಕ್_ರೊಟ್ಟಿ
ಯಾರಿಂದ ಯಾರಿಗೆ ಬಂತು ಅಂತ ಟೈಟರ್ ನೋಡಿ ಹೇಳಬಹುದಾ? ಜಾಸ್ತಿ ಇದ್ದವರಿಂದ ಕಡಿಮೆ ಇದ್ದವರಿಗೆ?

ಲ್ಯಾಬ್_ಮಂಜ
ಇಲ್ಲ. ಟೈಟರ್ ಪಂಚಾಯ್ತಿ ಮಾಡಲ್ಲ.

ಹಳೆ_ಕೌನ್ಸೆಲರ್
ಈ ಪ್ರಶ್ನೆಯಿಂದ ಎಷ್ಟು ಹೆಣ್ಣುಮಕ್ಕಳು ತವರಿಗೆ ಹೋಗಿ ಕೂತರು ಅಂತ ನನಗೆ ಗೊತ್ತು. ಪರೀಕ್ಷೆ ಮೊದಲು ಬಸುರಿಗೆ ಆಗ್ತದೆ, ಅದಕ್ಕೆ ರೋಗ ಅವಳ ಹೆಸರಿಗೆ ಬರ್ತದೆ. ಇಲ್ಲಿ ಅಣ್ಣಾರು ತಾವೇ ಒಪ್ಪಿಕೊಂಡಿದ್ದಾರೆ, ಅಷ್ಟು ಸಾಕು.

ಸಿಸ್ಟರ್_ಗೋಕಾಕ
ಮಗ್ಗದಮನೆ ಅವರೇ, ನಾನು ಇನ್ನೊಂದು ಕೇಳ್ತೀನಿ. ಮೂರು ಸೂಜಿಯೂ ಸರಿಯಾಗಿ ವಾರಕ್ಕೆ ವಾರ ಆದವಾ? ತಾರೀಖು ಬರೆಯಿರಿ ನೋಡೋಣ. ನನ್ನ ಅನುಭವದಲ್ಲಿ ಎಡವಟ್ಟು ಆಗೋದು ಅಲ್ಲೇ.

ಮಗ್ಗದಮನೆ
ಅಕ್ಕಾ, ನಿಮಗೆ ಹೇಗೆ ಗೊತ್ತಾಯ್ತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 12 ದಿನ ಆಗಿದೆ. ಎರಡರಿಂದ ಮೂರಕ್ಕೆ ಸರಿಯಾಗಿ 7.

ಅದಕ್ಕೂ ಕಾರಣ ನಾನೇ. ಇಬ್ಬರೂ ಒಂದೇ ದಿನ ಸೂಜಿ ಮಾಡಿಸಿದೆವು. ಅವತ್ತೇ ರಾತ್ರಿ ನನಗೆ ಚಳಿ ಹತ್ತಿ ಮೈ ಗಡಗಡ ನಡುಗಿತು, ಜ್ವರ, ತಲೆನೋವು. ಮಾಯವಾಗಿದ್ದ ಕಲೆ ಸ್ವಲ್ಪ ಮತ್ತೆ ಕೆಂಪಾದಂತೆ ಕಂಡವು. ಅತ್ತೆ ನೋಡಿ ಪೆನಿಸಿಲಿನ್ ಆಗಿಬರಲ್ಲ ಅಂತ ಹೆದರಿದರು. ಮಗಳನ್ನು ಅಥಣಿಗೆ ಕರ್ಕೊಂಡು ಹೋದರು. ನನಗೆ ಮರುದಿನ ಸಂಜೆಗೆ ಎಲ್ಲ ಇಳಿದಿತ್ತು. ಅವಳನ್ನು ಒಪ್ಪಿಸಿ ವಾಪಸ್ ಕರ್ಕೊಂಡು ಬರುವಷ್ಟರಲ್ಲಿ 12 ದಿನ.

ಕಾಕಾ_ಮುಧೋಳ
ನಾನು ಹೇಳೋದೂ ಅದೇ. ಪೆನಿಸಿಲಿನ್ ಜೀವಕ್ಕೆ ಅಪಾಯ. ನಮ್ಮ ಊರಲ್ಲಿ ಒಬ್ಬ ಸೂಜಿ ಮಾಡಿಸಿದ ಹತ್ತೇ ನಿಮಿಷಕ್ಕೆ ಬಿದ್ದುಹೋದ. ಗುಳಿಗೆ ಇದ್ದಾವಲ್ಲ, ಡಾಕ್ಸಿಸೈಕ್ಲಿನ್. ಎರಡು ವಾರ ನುಂಗಿದರೆ ಮುಗೀತು.

ಸಿಸ್ಟರ್_ಗೋಕಾಕ
ಕಾಕಾರ, ನೀವು ಹೇಳಿದ ಮನುಷ್ಯನದ್ದು ಅಲರ್ಜಿ. ಅದು ನಿಜ, ಅದು ನಿಮಿಷಗಳಲ್ಲೇ ಬರ್ತದೆ. ಮೈ ತುಂಬ ದದ್ದು, ತುಟಿ ಬಾವು, ಉಸಿರು ಕಟ್ಟೋದು, ಬಿಪಿ ಇಳಿಯೋದು. ಅದಕ್ಕೇ ಸೂಜಿ ಕೊಟ್ಟು ಅರ್ಧ ಗಂಟೆ ಕೂರಿಸ್ತೀವಿ, ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡಿರ್ತೀವಿ.

ಇವರಿಗೆ ಆಗಿದ್ದು ಅದಲ್ಲ. ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಹಳೆ ಕಲೆ ಕೆಂಪಾಗೋದು, 24 ಗಂಟೆಯಲ್ಲಿ ತಾನೇ ಇಳಿಯೋದು. ಇದು ರೋಗಾಣು ಒಟ್ಟಿಗೇ ಸತ್ತಾಗ ಮೈ ತೋರಿಸುವ ಸಿಟ್ಟು. ಹೊಸ ಸೋಂಕಿನವರಿಗೆ ಹೆಚ್ಚು. ಪ್ಯಾರಾಸಿಟಮಾಲ್ ಸಾಕು. ಇದನ್ನು ಅಲರ್ಜಿ ಅಂತ ಚೀಟಿಯ ಮೇಲೆ ಬರೆದುಬಿಟ್ಟರೆ ಆ ಮನುಷ್ಯನಿಗೆ ಮುಂದೆ ಪೆನಿಸಿಲಿನ್ನೇ ಸಿಗಲ್ಲ. ಬಸುರಿಗೆ ಇದಾದರೆ ಮಾತ್ರ ಸ್ವಲ್ಪ ಹುಷಾರು. ಹೊಟ್ಟೆ ಬಿಗಿದು ನೋವು ಬಂದರೆ, ಮಗು ಒದೆಯೋದು ಕಡಿಮೆ ಅನ್ನಿಸಿದರೆ, ದವಾಖಾನೆಗೆ ಬರಬೇಕು. ಆದರೆ ಸೂಜಿ ಬಿಡಬಾರದು.

ಸೂಜಿ ಮಾಡಿಸುವ ಮುಂಚೆ ಇದನ್ನು ಒಂದು ಮಾತು ಹೇಳಿದ್ದರೆ ನಿಮ್ಮ ಅತ್ತೆ ಹೆದರ್ತಿರಲಿಲ್ಲ. ಯಾರೂ ಹೇಳಲ್ಲ, ಗದ್ದಲದಲ್ಲಿ ನಾವೂ ಎಷ್ಟೋ ಸಲ ಮರೆತಿದ್ದೀವಿ.

ಚರ್ಮದ_ಡಾಕ್ಟರ್_ಬೆಳಗಾವಿ
ಡಾಕ್ಸಿ ಬಗ್ಗೆ ಕಾಕಾ ಅರ್ಧ ಸರಿ. ಬಸುರಿ ಅಲ್ಲದವರಿಗೆ, ನಿಜವಾಗಿ ಅಲರ್ಜಿ ಇದ್ದರೆ, ಹೊಸ ಸೋಂಕಿಗೆ 100 ಮಿಲಿಗ್ರಾಂ ದಿನಕ್ಕೆರಡು, ಎರಡು ವಾರ. ಹಳೆಯದಕ್ಕೆ ನಾಲ್ಕು ವಾರ. ಬಸುರಿಗೆ ಡಾಕ್ಸಿ ಕೊಡೋ ಹಾಗೇ ಇಲ್ಲ. ಅಜಿಥ್ರೊಮೈಸಿನ್ ಮಗುವನ್ನು ತಲುಪಿ ವಾಸಿ ಮಾಡ್ತದೆ ಅಂತ ನಂಬೋಕಾಗಲ್ಲ. ಬಸುರಿಗೆ ಪೆನಿಸಿಲಿನ್ ಒಂದೇ ದಾರಿ. ಅಲರ್ಜಿ ಇದ್ದರೂ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಚೂರು ಚೂರೇ ಕೊಟ್ಟು ಮೈಗೆ ಒಗ್ಗಿಸಿ, ಅದನ್ನೇ ಕೊಡ್ತಾರೆ.

ಈಗ ಆ 12 ದಿನದ ವಿಷಯ. ಇದು ನನಗೆ ಟೈಟರ್‌ಗಿಂತ ಜಾಸ್ತಿ ಚಿಂತೆ ತಂದಿದೆ. ಬಸುರಿಯಲ್ಲಿ ಎರಡು ಸೂಜಿಯ ನಡುವೆ 9 ದಿನ ದಾಟಿದರೆ ಮೂರನ್ನೂ ಮೊದಲಿನಿಂದ ಶುರು ಮಾಡಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳ್ತದೆ. ನನ್ನ ರೋಗಿ ಆಗಿದ್ದರೆ ನಾನು ಮತ್ತೆ ಶುರು ಮಾಡ್ತಿದ್ದೆ.

ಪಿಎಚ್‌ಸಿ_ಡಾಕ್ಟರ್_ಜಮಖಂಡಿ
ಸರ್, ಗೌರವದಿಂದಲೇ ಭಿನ್ನಾಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 14 ದಿನ ದಾಟಬಾರದು ಅಂತ ಹೇಳ್ತದೆ. 12 ದಿನ ಅದರೊಳಗೇ ಇದೆ. ಟೈಟರ್ ಇಳಿಯುವ ದಿಕ್ಕಿನಲ್ಲೂ ಇದೆ. ಔಷಧವೇ ಸಿಗದ ತಿಂಗಳು ಇರ್ತಾವೆ ನಮ್ಮಲ್ಲಿ. ಒಬ್ಬರಿಗೆ ಆರು ಸೂಜಿ ಹಾಕಿದರೆ ಇನ್ನೊಬ್ಬ ಬಸುರಿಗೆ ಇಲ್ಲದಂತೆ ಆಗ್ತದೆ.

ಚರ್ಮದ_ಡಾಕ್ಟರ್_ಬೆಳಗಾವಿ
ನಿಮ್ಮ ಕಷ್ಟ ಅರ್ಥ ಆಗ್ತದೆ ಡಾಕ್ಟ್ರೇ. ಆದರೆ ಆ 14 ಹೊರಗಿನ ಮಿತಿ, ಗುರಿ ಅಲ್ಲ. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚಾಗಿರ್ತದೆ, ಔಷಧ ಬೇಗ ತೆಳುವಾಗ್ತದೆ. ಆಕೆಗೆ ಈಗ ಸುಮಾರು 29 ವಾರ, ಇನ್ನೂ ಸಮಯ ಇದೆ. ಚಿಕಿತ್ಸೆ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಶುರುವಾಗಿರಬೇಕು, ಇಲ್ಲದಿದ್ದರೆ ಮಗುವನ್ನು ಚಿಕಿತ್ಸೆ ಆಗದ ತಾಯಿಯ ಮಗು ಅಂತಲೇ ನೋಡ್ತೇವೆ. ಈಗ ಶುರು ಮಾಡಿದರೆ 31ನೇ ವಾರಕ್ಕೆ ಮೂರೂ ಮುಗೀತಾವೆ.

ಪಿಎಚ್‌ಸಿ_ಡಾಕ್ಟರ್_ಜಮಖಂಡಿ
ನಿಮ್ಮ ಜಾಗದಲ್ಲಿ ಕೂತು ಹೇಳೋದು ಸುಲಭ ಸರ್. ಆದರೂ ಇವರ ಡಾಕ್ಟರಿಗೆ ತಾರೀಖು ತೋರಿಸಲಿ, ಅವರು ತೀರ್ಮಾನಿಸಲಿ. ಅಷ್ಟಕ್ಕೆ ನಾನೂ ಒಪ್ತೇನೆ.

ಮಗ್ಗದಮನೆ
ನೀವಿಬ್ಬರೇ ಒಪ್ಪಲಿಲ್ಲ ಅಂದರೆ ನಾನು ಯಾರ ಮಾತು ಕೇಳಲಿ? ನಾಳೆ ಚೀಟಿ ಹಿಡ್ಕೊಂಡು ಹೋಗ್ತೀನಿ.

ಖಡಕ್_ರೊಟ್ಟಿ
ಸೂಜಿ ಅಷ್ಟು ನೋವಾ? ನನಗೆ ಸುಮ್ನೆ ಕುತೂಹಲ.

ಸಿಸ್ಟರ್_ಗೋಕಾಕ
ಹೌದು. ಪುಡಿ ಬರ್ತದೆ, ನೀರು ಬೆರೆಸಿದರೆ ಕಲಸಿದ ಸುಣ್ಣದಂತೆ ದಪ್ಪ ಆಗ್ತದೆ. 24 ಲಕ್ಷವನ್ನು ಎರಡು ಭಾಗ ಮಾಡಿ ಎಡಕ್ಕೆ 12, ಬಲಕ್ಕೆ 12. ಸಣ್ಣ ಸೂಜಿ ಹಾಕಿದರೆ ಕಟ್ಟಿಕೊಳ್ತದೆ, 21 ನಂಬರಿನದು ಬೇಕು. ಕಲಸಿ ಇಟ್ಟು ಮಾತಾಡ್ತಾ ನಿಂತರೆ ತಳಕ್ಕೆ ಕೂತುಬಿಡ್ತದೆ. ಆಗ ಮೇಲಿನ ನೀರಷ್ಟೇ ರೋಗಿಗೆ ಹೋಗಿ ಔಷಧ ಬಾಟಲಿಯಲ್ಲೇ ಉಳೀತದೆ. ಹೊಸ ಹುಡುಗಿಯರಿಗೆ ಇದನ್ನೇ ಹೇಳ್ತೀನಿ: ಅಲ್ಲಾಡಿಸು, ಎಳ್ಕೋ, ತಕ್ಷಣ ಕೊಡು, ನಿಧಾನವಾಗಿ ಆದರೆ ನಿಲ್ಲಿಸದೆ ಒತ್ತು. ರಕ್ತನಾಳಕ್ಕೆ ಹೋಗಬಾರದು, ಹೋದರೆ ಪ್ರಾಣಕ್ಕೆ ಬರ್ತದೆ. ಒತ್ತುವ ಮುಂಚೆ ಹಿಂದಕ್ಕೆ ಎಳೆದು ರಕ್ತ ಬರ್ತದಾ ನೋಡಬೇಕು.

ಮಗ್ಗದಮನೆ ಅವರು ಡೂಪ್ಲಿಕೇಟ್ ಅಂತ ಕೇಳಿದರಲ್ಲ, ಡೂಪ್ಲಿಕೇಟ್ ಆಗಿದ್ದರೆ ಅವತ್ತು ರಾತ್ರಿ ನಿಮಗೆ ಆ ಚಳಿ ಬರ್ತಿರಲಿಲ್ಲ ನೋಡಿ.

ದುಬೈ_ಕೆಲಸ
ನನ್ನ ಕಥೆ ಹೇಳ್ತೀನಿ. ಇಲಕಲ್ಲಿನವನು. ಆರು ವರ್ಷದ ಹಿಂದೆ ನನಗೂ ಇದಾಗಿತ್ತು. ಆರ್‌ಪಿಆರ್ 1:64 ಇತ್ತು. ಸೂಜಿ ಆದಮೇಲೆ ವರ್ಷಕ್ಕೆ 1:8, ಎರಡನೇ ವರ್ಷಕ್ಕೆ 1:4. ಅಲ್ಲಿಂದ ಕದಲಿಲ್ಲ. ಇವತ್ತಿಗೂ 1:4. ಗಲ್ಫ್ ಮೆಡಿಕಲ್‌ನಲ್ಲಿ ಎರಡು ಸಲ ಅನ್‌ಫಿಟ್ ಮಾಡಿದರು. ಒಬ್ಬ ಡಾಕ್ಟರ್ ಮೂರು ಸೂಜಿ ಕೊಟ್ಟರು, ಇಳಿಲಿಲ್ಲ. ಇನ್ನೊಬ್ಬರು ಇನ್ನೂ ಮೂರು. ಅದೇ 1:4. ಕಾಕಾ ಹೇಳಿದ ದಾರಿಯಲ್ಲೇ ನಡೆದವನು ನಾನು.

ಚರ್ಮದ_ಡಾಕ್ಟರ್_ಬೆಳಗಾವಿ
64ರಿಂದ 4ಕ್ಕೆ ಇಳಿದಿದೆ ಅಂದರೆ ನಾಲ್ಕು ಮೆಟ್ಟಿಲು. ನಿಮ್ಮ ಚಿಕಿತ್ಸೆ ಆಗಲೇ ಗೆದ್ದಿದೆ. ಕೆಲವರಲ್ಲಿ ಸಣ್ಣ ಟೈಟರ್ ಹಾಗೇ ಉಳಿದುಬಿಡ್ತದೆ, ಗಾಯ ಮಾದ ಮೇಲೆ ಕಲೆ ಉಳಿದ ಹಾಗೆ. ಸೂಜಿಯಿಂದ ಅದು ಹೋಗಲ್ಲ. ಎಚ್‌ಐವಿ ಪರೀಕ್ಷೆ ಆಗಿದೆಯಾ? ಕಣ್ಣು ಮಂಜಾಗೋದು, ಕಿವಿ ಕೇಳದಿರೋದು, ತಲೆನೋವು, ನಡೆಯುವಾಗ ತೂರಾಡೋದು ಏನಾದರೂ ಇದೆಯಾ? ಇದ್ದರೆ ಮಾತು ಬೇರೆ. ಮಿದುಳು ನರಕ್ಕೆ ಹೋಗಿದ್ದರೆ ಬೆಂಜಾಥಿನ್ ಸಾಲದು, ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳಕ್ಕೆ ಪೆನಿಸಿಲಿನ್ 10ರಿಂದ 14 ದಿನ ಕೊಡಬೇಕು. ಇಲ್ಲದಿದ್ದರೆ ವರ್ಷಕ್ಕೊಮ್ಮೆ ನೋಡಿಸ್ತಾ ಇರಿ. 1:4 ಇದ್ದದ್ದು 1:16 ಆದರೆ ಮಾತ್ರ ಹೊಸದಾಗಿ ಅಂಟಿದೆ ಅಂತ ಯೋಚಿಸಬೇಕು.

ದುಬೈ_ಕೆಲಸ
ಎಚ್‌ಐವಿ ಇಲ್ಲ, ಬೇರೆ ಏನೂ ತೊಂದರೆ ಇಲ್ಲ ಸರ್. ಆದರೆ ಈ ಕಥೆಯನ್ನು ಮೆಡಿಕಲ್ ಸೆಂಟರಿನವರಿಗೆ ಯಾರು ಹೇಳಬೇಕು? ಅವರಿಗೆ ಪಾಸಿಟಿವ್ ಅಂದರೆ ಪಾಸಿಟಿವ್.

ಹಳೆ_ಕೌನ್ಸೆಲರ್
ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲಪ್ಪಾ. ಹಳೆ ರಿಪೋರ್ಟ್ ಎಲ್ಲ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಇಟ್ಕೊಳ್ಳಿ. ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಒಂದು ಪತ್ರ ಬರೆಸ್ಕೊಳ್ಳಿ. ಕೆಲವರಿಗೆ ಕೆಲಸ ಆಗಿದೆ, ಕೆಲವರಿಗೆ ಆಗಿಲ್ಲ.

ಕಾಕಾ_ಮುಧೋಳ
ಸರಿಯಪ್ಪಾ, ಸೂಜಿ ವಿಷಯದಲ್ಲಿ ಸೋತೆ. ಆದರೆ ಹತೋಟಿ ಇಲ್ಲದ ಬಾಳಿಗೆ ಟೈಟರ್ ಏನು ಮಾಡ್ತದೆ?

ಖಡಕ್_ರೊಟ್ಟಿ
ಒಂದೇ ಸಾಲು ಅಂತ ಅವರು ಕೇಳಿದ್ದರು, ಕಾಕಾರ ಸಾಲು ಮುಗೀತು. ಮುಂದೆ.

ಲ್ಯಾಬ್_ಮಂಜ
ಒಂದು ವಿಷಯ ಬಿಟ್ಟುಹೋಗ್ತಿತ್ತು. ಮಗ್ಗದಮನೆ, ಮೊದಲ ಟೈಟರ್ ಯಾವ ದಿನದ್ದು, ಸೂಜಿ ಯಾವ ದಿನದ್ದು?

ಮಗ್ಗದಮನೆ
ರಕ್ತ ಕೊಟ್ಟದ್ದು ಸೂಜಿಗೆ ಹದಿನೈದು ದಿನ ಮುಂಚೆ. ರಿಪೋರ್ಟ್ ಬರೋದು, ನನ್ನನ್ನು ಹುಡುಕೋದು, ಎಲ್ಲ ಸೇರಿ.

ಲ್ಯಾಬ್_ಮಂಜ
ಹಾಗಾದರೆ ಸೂಜಿ ದಿನ ನಿಮ್ಮ ಟೈಟರ್ 1:64ರ ಬದಲು 1:128 ಆಗಿದ್ದಿರಬಹುದು. ಹೊಸ ಸೋಂಕಿನಲ್ಲಿ ಎರಡು ವಾರದಲ್ಲಿ ಏರೋದೂ ಉಂಟು. ಹಾಗಿದ್ದರೆ ಈಗಿನ 1:32 ಆಗಲೇ ಎರಡು ಮೆಟ್ಟಿಲು. ಗೊತ್ತಾಗೋ ದಾರಿ ಇಲ್ಲ ಈಗ. ಮೊದಲ ಸೂಜಿಯ ದಿನವೇ ಒಂದು ಟ್ಯೂಬ್ ತೆಗೆದಿಡಿ ಅಂತ ನಾವು ಬಡ್ಕೊಳ್ಳೋದು ಅದಕ್ಕೇ.

ಮಗ್ಗದಮನೆ
ಹೋಗಿ ಬಂದೆ. ಡಾಕ್ಟರ್ ತಾರೀಖು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮತ್ತೆ ಮೂರು ಕೊಡೋಣ ಅಂದರು. ಇವತ್ತೇ ಮೊದಲನೆಯದು ಆಯ್ತು. ಈ ಸಲ ಅತ್ತೆಯನ್ನೂ ಕರ್ಕೊಂಡು ಹೋಗಿದ್ದೆ, ಜ್ವರ ಬಂದರೂ ಬರಬಹುದು ಅಂತ ನರ್ಸ್ ಕೈಲೇ ಹೇಳಿಸಿದೆ. ನಮ್ಮಿಬ್ಬರಿಗೂ ಸದ್ಯ ಕಾಂಡೋಮ್ ಅಂದಿದ್ದಾರೆ. ನನಗೆ ಬೇರೆ ಸೂಜಿ ಬೇಡವಂತೆ, ಆರು ತಿಂಗಳಿಗೆ ಅದೇ ಲ್ಯಾಬಿನಲ್ಲಿ ನೋಡಿಸಬೇಕಂತೆ.

ಪಿಎಚ್‌ಸಿ_ಡಾಕ್ಟರ್_ಜಮಖಂಡಿ
ಆಗಲಿ, ಒಳ್ಳೆದಾಯ್ತು. ನಾನು ಈಗಲೂ 12 ದಿನ ನಡೀತಿತ್ತು ಅಂತಲೇ ಹೇಳ್ತೇನೆ. ಹೆರಿಗೆ ಆದ ದಿನ ತಾಯಿಯದ್ದೂ ಮಗುವಿನದ್ದೂ ಆರ್‌ಪಿಆರ್ ಒಟ್ಟಿಗೇ ಮಾಡಿಸಿ. ಮಗುವಿನ ರಕ್ತವೇ ಆಗಬೇಕು, ಹೊಕ್ಕುಳ ಬಳ್ಳಿಯದ್ದು ಬೇಡ, ಅದರಲ್ಲಿ ತಾಯಿ ರಕ್ತ ಬೆರೆತಿರ್ತದೆ. ಆರು ತಿಂಗಳಿಗೆ ತಾಯಿಯದ್ದು 1:4ಕ್ಕೆ ಬರದಿದ್ದರೂ ಸೋಲು ಅಂತಲ್ಲ. ಎಷ್ಟೋ ಬಸುರಿಯರಿಗೆ ಹೆರಿಗೆಯೊಳಗೆ ಎರಡು ಮೆಟ್ಟಿಲು ಇಳಿಯಲ್ಲ.

ಇಂಡಿ_ನಿಂಬೆ
ತಂಗಿಗೆ ನಿನ್ನೆ 21ನೇ ದಿನ. ಮಾಡಿಸ್ಕೊಂಡು ಬಂದೆ. ಕೌಂಟರ್ ಹುಡುಗನಿಗೆ ಗಂಟಲಿನ ಕಥೆ ಪೂರ್ತಿ ಹೇಳಿದೆ.

ಮಗ್ಗದಮನೆ
ಮೂರೂವರೆ ತಿಂಗಳಾಯ್ತು, ಥ್ರೆಡ್ ಮರೆತಿರಬಹುದು ನೀವು. ಹೆಣ್ಣು ಮಗು, ಎರಡು ಕೆಜಿ ಎಂಟುನೂರು. ಹೆರಿಗೆ ದಿನ ಅವಳದ್ದು 1:4, ಮಗುವಿನದ್ದು 1:2. ಮೈಮೇಲೆ ಏನೂ ಇಲ್ಲ, ಲಿವರ್ ದೊಡ್ಡದಾಗಿಲ್ಲ ಅಂದರು. ಆದರೂ ಮಗುವಿಗೆ ಒಂದು ಸೂಜಿ ಕೊಟ್ಟರು, ಕೆಜಿಗೆ 50,000 ಯೂನಿಟ್ ಲೆಕ್ಕದಲ್ಲಿ 1.4 ಲಕ್ಷ. ನನ್ನದು ಅದೇ ಲ್ಯಾಬಿನಲ್ಲಿ 1:16. ಮಂಜಣ್ಣ, ನೀವು ಹೇಳಿದ ಎರಡು ಮೆಟ್ಟಿಲು.

ಮಗುವಿನದ್ದು 1:2 ಅಂದರೆ ರೋಗ ಇದೆ ಅಂತಲಾ?

ಲ್ಯಾಬ್_ಮಂಜ
ಅಭಿನಂದನೆ! ಮಗುವಿನದ್ದು ತಾಯಿಗಿಂತ ನಾಲ್ಕು ಪಟ್ಟು ಜಾಸ್ತಿ ಇದ್ದರೆ ಹೆದರಬೇಕಿತ್ತು, ಅಂದರೆ 1:16. ಇದು ಅಮ್ಮನ ರಕ್ತದಿಂದ ಬಂದ ಸಾಲ ಇರಬೇಕು. ಸಾಲ ಆಗಿದ್ದರೆ ಆರು ತಿಂಗಳೊಳಗೆ ತೀರ್ತದೆ.

ಚರ್ಮದ_ಡಾಕ್ಟರ್_ಬೆಳಗಾವಿ
ಎರಡು ಮೂರು ತಿಂಗಳಿಗೊಮ್ಮೆ ಮಗುವಿನದ್ದು ನೋಡಿಸಿ, ನಾನ್‌ರಿಯಾಕ್ಟಿವ್ ಆಗೋವರೆಗೆ. ಆರು ತಿಂಗಳಾದರೂ ಉಳಿದಿದ್ದರೆ ಅಥವಾ ಏರಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮದು 12ನೇ ತಿಂಗಳಿಗೆ ಇನ್ನೊಮ್ಮೆ. ಪತ್ನಿಯದ್ದು ಎರಡು ವರ್ಷದವರೆಗೆ.

ಸಿಸ್ಟರ್_ಗೋಕಾಕ
ಹೆಸರು ಏನಿಟ್ಟಿರಿ ಅಂತ ಕೇಳಲ್ಲ, ಇಲ್ಲಿ ಬರೀಬೇಡಿ. ಮಗುವಿನ ಸೂಜಿ ತೊಡೆಗೆ ಕೊಟ್ಟಿದ್ದಾರೆ ತಾನೇ? ಜಾಗ ಗಟ್ಟಿಯಾಗಿದ್ದರೆ ತಿಕ್ಕಬೇಡಿ.

ಮಗ್ಗದಮನೆ
ತೊಡೆಗೇ ಅಕ್ಕಾ. ಅತ್ತೆ ಎಣ್ಣೆ ಹಚ್ಚಿ ತಿಕ್ಕೋಕೆ ಹೊರಟಿದ್ದರು, ಈಗಷ್ಟೇ ತಡೆದೆ.